‘ಹು-ಣ-ಸೆ’ ಓದಿದ ಮಗುವಿಗೆ ಉಣ್ಸೆ ಕಾಣದಿದ್ದಾಗ

ಪ್ರಶ್ನೆ: ನನ್ನ ಮಗಳು ನಾಲ್ಕನೇ ಕ್ಲಾಸು, ಹಳ್ಳಿ ಶಾಲೆ, ಕನ್ನಡ ಮೀಡಿಯಂ. ಮನೇಲಿ ಪಟಪಟ ಅಂತ ಮಾತಾಡ್ತಾಳೆ. ಪುಸ್ತಕ ಕೊಟ್ರೆ ಅಕ್ಷರ ಕೂಡಿಸಿ ಓದ್ತಾಳೆ, ಏನು ಓದ್ದೆ ಅಂತ ಕೇಳಿದ್ರೆ ಗೊತ್ತಿಲ್ಲ ಅಂತಾಳೆ. ಎರಡನೇ ಕ್ಲಾಸಿನ ತನಕ ಚೆನ್ನಾಗೇ ಇತ್ತು. ನಮ್ಮ ಹಳ್ಳಿ ಮಾತಿನಿಂದ ಹೀಗಾಯ್ತಾ? ಮನೆ ಮಾತು ತಿದ್ದಬೇಕಾ?

ಉತ್ತರ:

ಮನೆ ಮಾತು ತಿದ್ದಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮಂಡ್ಯ ಕಡೆಯ ಸರ್ಕಾರಿ ಶಾಲೆಗಳಲ್ಲಿ 19 ವರ್ಷದಿಂದ ಮೇಷ್ಟ್ರು. ನಿಮ್ಮ ಮಗಳಂಥ ಮಕ್ಕಳು ಪ್ರತಿ ವರ್ಷ ನನ್ನ ತರಗತಿಯಲ್ಲಿ ಇರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಬುದ್ಧಿ ಕಡಿಮೆ ಇರುವುದಿಲ್ಲ, ಕನ್ನಡವೂ ಕಡಿಮೆ ಇರುವುದಿಲ್ಲ. ಅವರ ಕಿವಿಯಲ್ಲಿರುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ, ಅಷ್ಟೆ.

ಮಾತಿಗೆ ಒಂದು ರೂಪ, ಬರಹಕ್ಕೆ ಇನ್ನೊಂದು ರೂಪ ಇರುವುದನ್ನು ಭಾಷೆ ಬಲ್ಲವರು ಡೈಗ್ಲಾಸಿಯಾ ಎನ್ನುತ್ತಾರೆ. 1959ರಲ್ಲಿ ಚಾರ್ಲ್ಸ್ ಫರ್ಗುಸನ್ ಎಂಬ ಅಮೆರಿಕದ ವಿದ್ವಾಂಸರು ಅರಬ್ಬಿ, ಗ್ರೀಕ್ ಮುಂತಾದ ಭಾಷೆಗಳನ್ನು ಇಟ್ಟುಕೊಂಡು ಇದನ್ನು ವಿವರಿಸಿದರು. ಬರಹದ ರೂಪವನ್ನು ಯಾವ ಮಗುವೂ ಅಮ್ಮನ ಮಡಿಲಲ್ಲಿ ಕಲಿಯುವುದಿಲ್ಲ. ಶಾಲೆಯಲ್ಲೇ ಕಲಿಯಬೇಕು. ಕನ್ನಡದಲ್ಲೂ ಹಾಗೇ. ಆದರೆ ‘ಇವರದು ಮಾತೃಭಾಷೆ ತಾನೇ’ ಅಂದುಕೊಂಡು ನಾವು ಅದನ್ನು ಕಲಿಸುವುದೇ ಇಲ್ಲ. ಮಗುವಿಗೆ ಅದು ಗೊತ್ತಿದೆ ಅಂತಲೇ ಪಾಠ ಶುರು ಮಾಡುತ್ತೇವೆ.

ಓದುವಾಗ ಏನಾಗುತ್ತದೆ ನೋಡಿ. ಮಗು ‘ಹು’, ‘ಣ’, ‘ಸೆ’ ಅಂತ ಒಂದೊಂದೇ ಅಕ್ಷರ ಹೇಳಿ ಕೂಡಿಸುತ್ತದೆ. ಕೂಡಿಸಿದ ಮೇಲೆ ಬರುವ ಸದ್ದು ತನಗೆ ಗೊತ್ತಿರುವ ಮಾತಾಗಬೇಕು. ಆಗಲೇ ‘ಓ, ಇದಾ!’ ಅನ್ನಿಸೋದು. ಆದರೆ ಆ ಮಗುವಿನ ಬಾಯಲ್ಲಿರುವುದು ‘ಉಣ್ಸೆ’. ಪುಸ್ತಕದಲ್ಲಿ ಮೂರು ಅಕ್ಷರ, ಮಗುವಿನ ಕಿವಿಗೆ ಎರಡೇ ತುಂಡು: ಉಣ್-ಸೆ. ಮನೆ ಮುಂದೆಯೇ ಮರ ಇದ್ದರೂ ‘ಹುಣಸೆ’ ಹೊಸ ಶಬ್ದದ ಹಾಗೆ ಕೇಳಿಸುತ್ತದೆ. ‘ಬ-ರು-ತ್ತಾ-ನೆ’ ಅಂತ ಕಷ್ಟಪಟ್ಟು ಕೂಡಿಸಿದ ಮಗುವಿಗೆ ಇದೇ ತನ್ನ ‘ಬತ್ತಾನೆ’ ಅಂತ ಹೊಳೆಯುವುದಿಲ್ಲ. ಅಕ್ಷರ ಬಂತು, ಮಾತು ಸಿಗಲಿಲ್ಲ. ಒಂದು ಸಾಲಿನಲ್ಲಿ ಇಂಥವು ಮೂರು ಬಂದರೆ ಸಾಲೇ ಕೈತಪ್ಪಿ ಹೋಗುತ್ತದೆ.

ಎರಡನೇ ಕ್ಲಾಸಿನ ತನಕ ಚೆನ್ನಾಗಿತ್ತು ಅಂದಿರಲ್ಲ, ಅದಕ್ಕೂ ಕಾರಣ ಇದೆ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ನಾವು ಕಲಿಸುವ ನಲಿಕಲಿ ಪದ್ಧತಿಯಲ್ಲಿ ಅ, ಆ, ಇ, ಈ ಅಂತ ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಅಂತ ಶುರು ಮಾಡುತ್ತೇವೆ. ಇವುಗಳಿಂದ ಸರ, ದರ, ಅರಸ ಅಂತ ಶಬ್ದ ಬೇಗ ಕಟ್ಟಬಹುದು. ಇವು ಮನೆಯಲ್ಲೂ ಪುಸ್ತಕದಲ್ಲೂ ಹೆಚ್ಚುಕಡಿಮೆ ಒಂದೇ. ಆಗ ಅಂತರ ಕಾಣುವುದಿಲ್ಲ. ಉದ್ದ ವಾಕ್ಯ, ಕ್ರಿಯಾಪದ, ವಿಭಕ್ತಿ ಎಲ್ಲ ಸೇರಿದಾಗ ಅದು ಎದ್ದು ಕಾಣುತ್ತದೆ.

ಕೆಲವು ವರ್ಷದ ಹಿಂದೆ ನನ್ನ ನಾಲ್ಕನೇ ತರಗತಿಯ ಒಬ್ಬ ಹುಡುಗಿ ತನ್ನ ಮನೆ ಬಗ್ಗೆ ಹೀಗೆ ಬರೆದಿದ್ದಳು: “ನಮ್ ಅಟ್ಟಿ ಅತ್ರ ಒಂದ್ ಉಣ್ಸೆ ಮರ ಅದೆ. ಅದ್ರ ಮ್ಯಾಲೆ ಅಕ್ಕಿ ಕೂತ್ಕತದೆ.” ನಾನು ಎಲ್ಲದಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಹತ್ತಕ್ಕೆ ಮೂರು ಕೊಟ್ಟೆ. ಆಮೇಲೆ ಸಂಜೆ ಕೂತು ನೋಡಿದಾಗ ಅದರಲ್ಲಿ ಒಂದೂ ಮನಸ್ಸಿಗೆ ಬಂದ ಹಾಗೆ ಮಾಡಿದ ತಪ್ಪು ಇರಲಿಲ್ಲ. ಹಟ್ಟಿ, ಹತ್ತಿರ, ಹುಣಸೆ, ಹಕ್ಕಿ ಈ ನಾಲ್ಕರಲ್ಲೂ ಹಕಾರ ಬಿಟ್ಟಿದ್ದಳು. ಎಲ್ಲೂ ಒಂದು ಕಡೆ ಹಾಕಿ ಇನ್ನೊಂದು ಕಡೆ ಬಿಟ್ಟಿರಲಿಲ್ಲ. ನಮ್ಮ, ಒಂದು, ಅದರ ಇವುಗಳಲ್ಲಿ ಹ್ರಸ್ವ ಸ್ವರ ಬಿಟ್ಟಿದ್ದಳು, ನಾವೆಲ್ಲ ಮಾತಿನಲ್ಲಿ ಬಿಡುವ ಹಾಗೇ. ಅಷ್ಟೇ ಅಲ್ಲ, ‘ಉಣ್ಸೆ’ ಅಂತ ಬರೆಯಲು ಣಕಾರಕ್ಕೆ ಸಕಾರದ ಒತ್ತು ಕೊಡಬೇಕು. ಪುಸ್ತಕದ ‘ಹುಣಸೆ’ಗೆ ಒತ್ತೇ ಬೇಡ. ಕಿವಿಗೆ ನಿಷ್ಠಳಾಗಿದ್ದ ಆ ಮಗು ಹೆಚ್ಚು ಕಷ್ಟದ ಅಕ್ಷರವನ್ನು ಸರಿಯಾಗಿ ಬರೆದಿತ್ತು. ಅದಕ್ಕೆ ನಾನು ಸುತ್ತು ಹಾಕಿದ್ದೆ.

ಮುಂದಿನ ವಾರ ಇನ್ನೊಂದು ಬರೆದು ತಂದಳು: “ಹಕ್ಕ ಹನ್ನ ಮಾಡಿದಳು.” ಅಕ್ಕ ಅನ್ನ ಮಾಡಿದಳು ಅಂತ. ಹಕಾರ ಬಿಟ್ಟರೆ ಮೇಷ್ಟ್ರು ಬಯ್ಯುತ್ತಾರೆ, ಎಲ್ಲಿ ಬೇಕು ಅಂತ ಗೊತ್ತಿಲ್ಲ, ಎಲ್ಲ ಕಡೆ ಹಾಕಿಬಿಟ್ಟಿದ್ದಳು. ಮಗುವಿನ ಬರಹದಲ್ಲಿ ಇಂಥ ಅತಿತಿದ್ದುಪಡಿ ಕಂಡರೆ, ನಿಯಮ ತಿಳಿಸದೆ ಸುಮ್ನೆ ತಿದ್ದುತ್ತಿದ್ದಾರೆ ಅಂತ ಅರ್ಥ. ಇದು ನನಗೆ ಇವತ್ತಿಗೂ ನೋವು ಕೊಡುವ ವಿಷಯ.

ಈಗ ನಿಮ್ಮ ಮಗಳಿಗೆ ಒಂದು ಸಣ್ಣ ಪರೀಕ್ಷೆ ಮಾಡಿ. ಹತ್ತು ನಿಮಿಷ ಸಾಕು. ಅವಳ ಪುಸ್ತಕದಿಂದ ಇನ್ನೂ ಆಗದ ಪಾಠದ ಅರ್ಧ ಪುಟ ತೆಗೆದುಕೊಳ್ಳಿ. ಮೊದಲು ಅವಳೇ ಓದಲಿ, ಎರಡು ಪ್ರಶ್ನೆ ಕೇಳಿ. ಆಮೇಲೆ ಅದನ್ನೇ ನೀವು ನಿಧಾನವಾಗಿ, ಪುಸ್ತಕದಲ್ಲಿ ಇದ್ದ ಹಾಗೇ ಓದಿ ಹೇಳಿ, ಅವೇ ಪ್ರಶ್ನೆ ಕೇಳಿ. ಕೊನೆಗೆ ಪುಸ್ತಕ ಮುಚ್ಚಿ ಅದೇ ವಿಷಯವನ್ನು ನಿಮ್ಮ ಮನೆ ಮಾತಿನಲ್ಲಿ ಹೇಳಿ, ಮತ್ತೆ ಕೇಳಿ.

ನೀವು ಓದಿದಾಗ ಅರ್ಥವಾದರೆ ತೊಂದರೆ ಇರುವುದು ಓದುವ ವೇಗದಲ್ಲಿ. ಗಮನವೆಲ್ಲ ಅಕ್ಷರಕ್ಕೇ ಹೋಗುತ್ತಿದೆ. ಕಾಗುಣಿತ, ಒತ್ತು ಎಲ್ಲ ಸೇರಿದರೆ ಕನ್ನಡದಲ್ಲಿ ನೂರಾರು ಅಕ್ಷರ ರೂಪಗಳು ಇವೆ. ಅವು ಕೈಗೆ ಹತ್ತಲು ಮೂರು ನಾಲ್ಕು ವರ್ಷ ಬೇಕಾಗುವುದು ಸಹಜ. ನೀವು ಓದಿದಾಗಲೂ ಅರ್ಥವಾಗದೆ, ಮನೆ ಮಾತಿನಲ್ಲಿ ಹೇಳಿದಾಗ ಥಟ್ಟನೆ ಅರ್ಥವಾದರೆ ಅದು ನಾನು ಹೇಳುತ್ತಿರುವ ಅಂತರ.

‘ಉಣ್ಸೆ ಮರ’ ಬರೆದ ಆ ಹುಡುಗಿಯದು ಈ ಎರಡನೆಯದೇ. ಮಣ್ಣಿನ ಪಾಠದಲ್ಲಿ ‘ಮಣ್ಣಿನ ಸವಕಳಿ ಎಂದರೇನು?’ ಅಂತ ಕೇಳಿದರೆ ತಲೆ ತಗ್ಗಿಸಿ ನಿಂತಳು. ‘ಜೋರು ಮಳೆ ಬಂದ್ರೆ ನಿಮ್ಮ ಹೊಲದ ಮಣ್ಣು ಏನಾಗ್ತದವ್ವಾ?’ ಅಂದೆ. “ಕೊಚ್ಕಂಡ್ ಓಯ್ತದೆ ಸಾ. ಅದ್ಕೇ ನಮ್ಮಪ್ಪ ಬದು ಆಕವ್ರೆ” ಅಂದಳು. ಸವಕಳಿಯೂ ಗೊತ್ತು, ಅದನ್ನು ತಡೆಯುವ ದಾರಿಯೂ ಗೊತ್ತು. ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಸೊನ್ನೆ. ಅವಳ ಪಕ್ಕ ಕೂರುವ, ಅಪ್ಪ ಅಮ್ಮ ಇಬ್ಬರೂ ಓದಿರುವ ಮಗುವಿನ ಮನೆ ಮಾತು ಪುಸ್ತಕಕ್ಕೆ ಎಷ್ಟೋ ಹತ್ತಿರ. ಇಬ್ಬರದ್ದೂ ಕನ್ನಡ ಮಾಧ್ಯಮವೇ, ಆದರೆ ಇಬ್ಬರೂ ನಡೆಯಬೇಕಾದ ದೂರ ಒಂದೇ ಅಲ್ಲ. (ದ್ಯುತಿಸಂಶ್ಲೇಷಣೆ, ಲಘುತ್ತಮ ಸಾಮಾನ್ಯ ಅಪವರ್ತ್ಯದಂಥ ಶಬ್ದಗಳು ಮಾತ್ರ ಯಾರ ಮನೆ ಮಾತೂ ಅಲ್ಲ. ಅವುಗಳ ಮುಂದೆ ಎಲ್ಲ ಮಕ್ಕಳೂ ಒಂದೇ.)

ಇನ್ನು ಏನು ಮಾಡಬೇಕು ಅನ್ನೋದು. ನಾನು ಹೆಚ್ಚು ನಂಬಿರುವುದು ಓದಿ ಹೇಳುವುದನ್ನು. ದಿನಾ ರಾತ್ರಿ ಹದಿನೈದು ನಿಮಿಷ ಒಂದು ಕತೆ ಪುಸ್ತಕ ಹಿಡಿದು, ಅದರಲ್ಲಿರುವ ಭಾಷೆಯಲ್ಲೇ ಓದಿ. ಮನೆ ಮಾತಿಗೆ ತಿರುಗಿಸಬೇಡಿ. ಅರ್ಥವಾಗದ ಕಡೆ ನಿಲ್ಲಿಸಿ, ‘ಬರುತ್ತಾನೆ ಅಂದ್ರೆ ನಮ್ಮ ಬತ್ತಾನೆ’ ಅಂತ ಒಂದು ಮಾತು ಹೇಳಿ ಮುಂದೆ ಹೋಗಿ. ಕಣ್ಣಿಗೆ ಬರುವ ಮೊದಲು ಆ ರೂಪಗಳು ಕಿವಿಗೆ ಬರಬೇಕು. ಅರಬ್ಬಿಯಲ್ಲಿ ಈ ಅಂತರ ನಮಗಿಂತ ಜಾಸ್ತಿ. ಅರಬ್ಬಿ ಮಾತಾಡುವ ಶಿಶುವಿಹಾರದ ಮಕ್ಕಳಿಗೆ ಕೆಲವು ತಿಂಗಳು ಗ್ರಂಥಭಾಷೆಯಲ್ಲಿ ಕತೆ ಓದಿ ಹೇಳಿದಾಗ, ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಅವರು ಉಳಿದ ಮಕ್ಕಳಿಗಿಂತ ಮುಂದೆ ಬಂದರು ಎಂದು 1993ರಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ನಾನು ದಿನದ ಕೊನೆಯ ಪೀರಿಯಡ್ಡಿನಲ್ಲಿ ಇದನ್ನೇ ಮಾಡುತ್ತೇನೆ.

ಬರೆಯುವುದಕ್ಕೆ ಒಂದು ನೋಟ್‌ಬುಕ್ ಇಡಿ. ಎಡಗಡೆ ‘ಮನೆ ಮಾತು’, ಬಲಗಡೆ ‘ಪುಸ್ತಕದ ಮಾತು’. ಎಡಗಡೆಯದನ್ನು ತಪ್ಪು ಅಂತ ಕರೆಯಬೇಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವು ಅಂತರಗಳನ್ನು ಮಗು ತಾನೇ ಊಹಿಸಬಹುದು. ಮಾಡ್ತಾನೆ-ಮಾಡುತ್ತಾನೆ, ನೋಡ್ತಾನೆ-ನೋಡುತ್ತಾನೆ ಅಂತ ನಾಲ್ಕು ಬರೆದರೆ ಐದನೆಯದು ಅದಕ್ಕೇ ಹೊಳೆಯುತ್ತದೆ. ಮನೇಲಿ-ಮನೆಯಲ್ಲಿ, ಕೆರೇಲಿ-ಕೆರೆಯಲ್ಲಿ ಇವೂ ಹಾಗೇ. ಇವನ್ನು ಮೊದಲು ಮಾಡಿ. ನನ್ನ ಅನುಭವದಲ್ಲಿ ಒಂದು ತಿಂಗಳಲ್ಲಿ ಕೂರುತ್ತವೆ.

ಹಕಾರ ಹಾಗಲ್ಲ. ಮಗುವಿನ ಬಾಯಲ್ಲಿ ಹಕ್ಕಿಯೂ ಅಕ್ಕಿ, ಅಕ್ಕಿಯೂ ಅಕ್ಕಿ. ಎಷ್ಟು ಗಮನ ಕೊಟ್ಟು ಕೇಳಿಕೊಂಡರೂ ಯಾವುದಕ್ಕೆ ‘ಹ’ ಅಂತ ತನ್ನ ಮಾತಿನಿಂದ ಗೊತ್ತಾಗುವುದಿಲ್ಲ. ‘ಸರಿಯಾಗಿ ಉಚ್ಚಾರ ಮಾಡು, ಗೊತ್ತಾಗುತ್ತೆ’ ಅನ್ನುವುದು ಇಲ್ಲಿ ಪ್ರಯೋಜನವಿಲ್ಲ. ಕಣ್ಣಿನಿಂದಲೇ ಕಲಿಯಬೇಕು. ಹಕ್ಕಿ-ಅಕ್ಕಿ, ಹಾಡು-ಆಡು, ಹತ್ತು-ಅತ್ತು ಅಂತ ಜೋಡಿ ಮಾಡಿ, ಪಕ್ಕದಲ್ಲಿ ಚಿತ್ರ ಬರೆಸಿ. ವಾರಕ್ಕೆ ಐದು ಜೋಡಿಗಿಂತ ಜಾಸ್ತಿ ಬೇಡ, ಇಲ್ಲದಿದ್ದರೆ ‘ಹನ್ನ’ ಶುರುವಾಗುತ್ತದೆ.

ಮಹಾಪ್ರಾಣವೂ ಇದೇ ಜಾತಿಯದು. ಭೂಮಿ, ಧನ ಇವುಗಳನ್ನು ಹೆಚ್ಚಿನ ಕನ್ನಡಿಗರು, ಓದಿದವರೂ, ಮಾತಿನಲ್ಲಿ ಬೂಮಿ, ದನ ಅಂತಲೇ ಹೇಳುತ್ತಾರೆ. ಇದೇ ಕಾರಣಕ್ಕೆ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬರಹದಿಂದ ಮಹಾಪ್ರಾಣ ಬಿಟ್ಟುಬಿಡಬೇಕು ಎಂದು ವಾದಿಸಿದರು, ತಾವೇ ಹಾಗೆ ಬರೆದು ತೋರಿಸಿದರು. ಮಕ್ಕಳ ಮುಂದೆ ನಿಂತವನಾಗಿ ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಪುಸ್ತಕ, ಪರೀಕ್ಷೆ ಎಲ್ಲ ಹಳೆಯ ಬರಹದಲ್ಲೇ ಇರುವಾಗ ಒಂದು ಮಗುವಿಗೆ ಮಾತ್ರ ಅದನ್ನು ತಪ್ಪಿಸಲು ಆಗುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಇದಕ್ಕೆ ಜಾಸ್ತಿ ಒತ್ತು ಕೊಡಬೇಡಿ. ಓದಿ ಅರ್ಥವಾಗುವುದಕ್ಕೆ ಮಹಾಪ್ರಾಣ ಅಡ್ಡ ಬರುವುದು ಕಡಿಮೆ.

ಎರಡು ತಿಂಗಳಾದ ಮೇಲೆ ಬೇರೆ ಪಾಠ ಇಟ್ಟುಕೊಂಡು ಮತ್ತೆ ಅದೇ ಪರೀಕ್ಷೆ ಮಾಡಿ. ನೀವು ಓದಿ ಹೇಳಿದಾಗಿನ ಉತ್ತರ ಮೊದಲು ಸುಧಾರಿಸುತ್ತದೆ. ಅವಳೇ ಓದಿದಾಗಿನದು ಆಮೇಲೆ ನಿಧಾನವಾಗಿ. ಒಂದು ವೇಳೆ ಮರ, ಸರ, ಬಸವ ಅಂತ ಒತ್ತಿಲ್ಲದ ಶಬ್ದಗಳಲ್ಲೇ ಈಗಲೂ ಎಡವುತ್ತಿದ್ದರೆ, ಅಥವಾ ಮನೆ ಮಾತಿನಲ್ಲಿ ಹೇಳಿದ ಗೊತ್ತಿರುವ ವಿಷಯವೂ ಅರ್ಥವಾಗದಿದ್ದರೆ, ಅದು ಈ ಅಂತರದ ತೊಂದರೆ ಅಲ್ಲ. ಆಗ ಕಣ್ಣು, ಕಿವಿ ಎರಡನ್ನೂ ಮೊದಲು ತೋರಿಸಿ, ಆಮೇಲೆ ಮಕ್ಕಳ ಕಲಿಕೆಯ ತೊಂದರೆ ನೋಡುವವರ ಹತ್ತಿರ ಕರೆದುಕೊಂಡು ಹೋಗಿ.