ಬೆಲೆ ಏರಿಸಿದ ಮೇಲೆ ಬಿಟ್ಟು ಹೋದವರನ್ನು ಎಣಿಸಿ ಎಲಾಸ್ಟಿಸಿಟಿ ತೆಗೆಯೋದು ಹೇಗೆ?

"ಹಾಸನದಲ್ಲಿ ನಮ್ಮದು ಸಣ್ಣ ಇಂಟರ್ನೆಟ್ ಸರ್ವೀಸ್. ಜೂನ್‌ನಲ್ಲಿ ತಿಂಗಳ ಪ್ಯಾಕ್ 500ರಿಂದ 575 ರೂಪಾಯಿಗೆ ಏರಿಸಿದ್ವಿ. ಮೊದಲು ತಿಂಗಳಿಗೆ ಶೇ 2ರಷ್ಟು ಜನ ಬಿಡ್ತಿದ್ರು, ಈಗ ಶೇ 5. ಎಲಾಸ್ಟಿಸಿಟಿ ಹಾಕಿದ್ರೆ 10 ಬರ್ತಿದೆ. ಇಷ್ಟೊಂದಾ? ಬೆಲೆ ವಾಪಸ್ ಇಳಿಸ್ಬೇಕಾ?"

ಆ 10 ನೋಡಿಕೊಂಡು ಮಾತ್ರ ಇಳಿಸಬೇಡಿ. ಅದು ಎಲಾಸ್ಟಿಸಿಟಿಯೇ ಅಲ್ಲ.

ನೀವು ಮಾಡಿರೋದು ಏನು ಅಂತ ಊಹಿಸಬಲ್ಲೆ. ಚರ್ನ್, ಅಂದರೆ ತಿಂಗಳಿಗೆ ಬಿಟ್ಟು ಹೋಗುವವರ ಶೇಕಡಾ, 2ರಿಂದ 5 ಆಯಿತು. ಅದು ಶೇ 150 ಏರಿಕೆ. ಬೆಲೆ ಶೇ 15 ಏರಿತು. 150ನ್ನು 15ರಿಂದ ಭಾಗಿಸಿದಿರಿ, 10 ಬಂತು. ನಾನೂ ಮೊದಲ ಸಲ ಹೀಗೇ ಮಾಡಿ ಓನರ್ ಮುಂದೆ ಇಟ್ಟಿದ್ದೆ. ಆದರೆ ಎಲಾಸ್ಟಿಸಿಟಿ ಕೇಳೋದು ಬೇರೆ ಪ್ರಶ್ನೆ: ಬೆಲೆ ಶೇ 1 ಏರಿದರೆ ನಿಮ್ಮಲ್ಲಿ ಇರುವ ಗಿರಾಕಿಗಳು ಶೇಕಡಾ ಎಷ್ಟು ಕಡಿಮೆ ಆಗುತ್ತಾರೆ? ಲೆಕ್ಕಕ್ಕೆ ಬರಬೇಕಾದ್ದು ಉಳಿದವರು. ನೂರರಲ್ಲಿ 98 ಜನ ಉಳಿಯುತ್ತಿದ್ದರು, ಈಗ 95 ಉಳಿದರು. ಅದು ಶೇ 3ರ ಇಳಿಕೆ. 15ರಿಂದ ಭಾಗಿಸಿದರೆ ಆ ಒಂದು ತಿಂಗಳಿಗೆ -0.2.

ನಿಮ್ಮ ಲೆಕ್ಕದಲ್ಲಿ ಇನ್ನೊಂದು ತಮಾಷೆ ಇದೆ. ನಿಮ್ಮ ಸರ್ವೀಸ್ ಇನ್ನೂ ಚೆನ್ನಾಗಿದ್ದು, ಮೊದಲು ಶೇ 1 ಮಾತ್ರ ಬಿಡುತ್ತಿದ್ದರು ಅಂತಿಟ್ಟುಕೊಳ್ಳಿ. ಈಗಲೂ ನೂರಕ್ಕೆ ಅದೇ ಮೂರು ಜನ ಜಾಸ್ತಿ ಹೋಗಿ ಶೇ 4 ಆದರೆ ನಿಮ್ಮ ಸೂತ್ರ 20 ಕೊಡುತ್ತದೆ. ಹೋದವರು ಅಷ್ಟೇ ಜನ, ಸಂಖ್ಯೆ ಮಾತ್ರ ಡಬಲ್. ಹಾಗಾಗಿ ಅದನ್ನು ನಂಬಬೇಡಿ.

ಹಾಗಂತ -0.2ನ್ನೂ ಹಿಡಿದುಕೊಳ್ಳಬೇಡಿ. ಅದು ಒಂದು ತಿಂಗಳ ಕಥೆ. ಈ ಶೇ 5 ಹೀಗೇ ಮುಂದುವರಿಯುತ್ತದೋ, ಇಳಿಯುತ್ತದೋ ಅನ್ನೋದರ ಮೇಲೆ ಎಲ್ಲ ನಿಂತಿದೆ. ನಮ್ಮಲ್ಲಿ ಏನಾಯಿತು ಅಂತ ಹೇಳುತ್ತೇನೆ.

ನಾನು ಚಿಕ್ಕಮಗಳೂರಿನಲ್ಲಿ ನಿಮ್ಮಂಥದೇ ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತಿದ್ದೆ. ನಾವು ಏರಿಸಿದ್ದೂ 500ರಿಂದ 575ಕ್ಕೆ, ಅದೂ ಜೂನ್‌ನಲ್ಲೇ. ಊರಲ್ಲಿ 2000 ಕನೆಕ್ಷನ್, ಕಡೂರಿನಲ್ಲಿ 600. ಕಡೂರಿನಲ್ಲಿ ಆರು ತಿಂಗಳು ಬೆಲೆ ಮುಟ್ಟಲಿಲ್ಲ. ಪ್ಲಾನ್ ಮಾಡಿ ಬಿಟ್ಟದ್ದೇನಲ್ಲ. ಅಲ್ಲಿ ಇನ್ನೊಬ್ಬರ ಜೊತೆ ಪೈಪೋಟಿ ಇತ್ತು, ಓನರ್‌ಗೆ ಧೈರ್ಯ ಬರಲಿಲ್ಲ, ಅಷ್ಟೇ. ಆದರೆ ಕೊನೆಗೆ ನನ್ನ ಲೆಕ್ಕ ಉಳಿಸಿದ್ದು ಅದೇ ಕಡೂರು. (ಸಂಖ್ಯೆಗಳನ್ನು ಓದೋಕೆ ಸುಲಭ ಆಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.)

ಜೂನ್ ಮುಗಿದಾಗ ಲಿಸ್ಟ್‌ನಲ್ಲಿ 110 ಜನ ಬಿಟ್ಟವರು ಅಂತ ಬಂತು. ಅದೂ ಶೇ 5.5. ಎಲ್ಲರ ಮುಖ ಸಪ್ಪೆ. ಜುಲೈನಲ್ಲಿ ನೋಡಿದರೆ ಅವರಲ್ಲಿ 26 ಜನ ವಾಪಸ್ ರೀಚಾರ್ಜ್ ಮಾಡಿದ್ದರು. ಅವರು ಬಿಟ್ಟಿರಲೇ ಇಲ್ಲ. ಹೊಸ ರೇಟ್ ಕೇಳಿ ಬೇಜಾರಾಗಿ, ಒಂದೆರಡು ವಾರ ಮೊಬೈಲ್ ಡೇಟಾದಲ್ಲೇ ತಳ್ಳಿ, ಮಕ್ಕಳ ಗಲಾಟೆಗೆ ಮತ್ತೆ ಹಾಕಿಸಿಕೊಂಡವರು. ಪ್ರೀಪೇಯ್ಡ್ ರೀಚಾರ್ಜ್ ಇರೋ ಕಡೆ ಬೆಲೆ ಏರಿದ ಕೂಡಲೇ ಹೀಗೆ ತಡ ಮಾಡೋದು ಸಾಮಾನ್ಯ. ಹಾಗಾಗಿ ಪ್ಯಾಕ್ ಮುಗಿದು 30 ದಿನ ಆದರೂ ಹಾಕಿಸದವರನ್ನು ಮಾತ್ರ ಬಿಟ್ಟವರು ಅಂತ ಎಣಿಸಿ. ಹಳೇ ತಿಂಗಳುಗಳಿಗೂ ಇದೇ ನಿಯಮ ಹಾಕಬೇಕು, ಇಲ್ಲದಿದ್ದರೆ ಮೊದಲಿನದಕ್ಕೂ ಆಮೇಲಿನದಕ್ಕೂ ಹೋಲಿಕೆಯೇ ಇರಲ್ಲ.

ಆಮೇಲೆ ನಾನು ತಿಂಗಳ ಚರ್ನ್ ನೋಡೋದು ಬಿಟ್ಟೆ. ಮೇ 31ಕ್ಕೆ ಇದ್ದ 2000 ಜನರ ಹೆಸರನ್ನು ಒಂದು ಶೀಟ್‌ನಲ್ಲಿ ಹಾಕಿಕೊಂಡು ಅವರನ್ನೇ ಹಿಂಬಾಲಿಸಿದೆ. ಹೊಸಬರನ್ನು ಸೇರಿಸಲಿಲ್ಲ. ಆ 2000 ಜನರಲ್ಲಿ ಜೂನ್‌ನಲ್ಲಿ 84 ಜನ ಹೋದರು, ಜುಲೈ 70, ಆಗಸ್ಟ್ 55, ಸೆಪ್ಟೆಂಬರ್ 48, ಅಕ್ಟೋಬರ್ 42, ನವೆಂಬರ್ 41. ಗಮನಿಸಿದಿರಾ? ಮೊದಲು ಎದ್ದು ಆಮೇಲೆ ಇಳಿಯಿತು. ರೇಟಿಗೆ ಹೋಗುವವರು ಬೇಗ ಹೋಗಿಬಿಟ್ಟರು. ಉಳಿದವರು ಹಳೇ ವೇಗದಲ್ಲೇ ಉಳಿದರು. ಆರು ತಿಂಗಳಿಗೆ 340 ಜನ ಹೋಗಿ 1660 ಉಳಿದರು, ಅಂದರೆ ಶೇ 83.

ಈ 340 ಜನರೂ ಬೆಲೆಯಿಂದಲೇ ಹೋದರಾ? ಖಂಡಿತ ಇಲ್ಲ. ಜೂನ್-ಜುಲೈನಲ್ಲಿ ಎಐಟಿ ಇಂಜಿನಿಯರಿಂಗ್ ಕಾಲೇಜಿನ ಕಡೆ ಕೊನೇ ವರ್ಷದ ಹುಡುಗರು ರೂಮು ಖಾಲಿ ಮಾಡುತ್ತಾರೆ. ನಿಮಗೆ ಸಾಲಗಾಮೆ ರಸ್ತೆ ಕಡೆ ಇದೇ ಗೋಳು ಇರಬೇಕಲ್ವಾ? ಅದರ ಜೊತೆ ಮಳೆ. ಮರ ಬಿದ್ದು ಫೈಬರ್ ಕಟ್ ಆಗಿ, ಎರಡು ದಿನ ನೆಟ್ ಇಲ್ಲದೆ ಸಿಟ್ಟಿಗೆ ಬಿಡುವವರು ಮಲೆನಾಡಿನಲ್ಲಿ ಪ್ರತಿ ವರ್ಷ ಇರುತ್ತಾರೆ. ಬಾಕ್ಸ್ ವಾಪಸ್ ತರುವಾಗ ಕಾರಣ ಕೇಳಿ ಬರೆದುಕೊಳ್ಳಿ ಅಂತ ನಮ್ಮ ಹುಡುಗರಿಗೆ ಹೇಳಿದ್ದೆ. ಉಪಯೋಗ ಆಗಲಿಲ್ಲ. ರೇಟ್ ಏರಿದ ತಿಂಗಳಲ್ಲಿ ರೂಮು ಖಾಲಿ ಮಾಡುವವನೂ "ರೇಟ್ ಜಾಸ್ತಿ ಆಯ್ತು" ಅಂತಲೇ ಹೇಳುತ್ತಾನೆ.

ಆದ್ದರಿಂದ ಬೆಲೆ ಏರಿಸದೇ ಇದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಅನ್ನೋದು ಬೇಕು. ಬೆಲೆ ಏರದ ಕಡೂರಿನಲ್ಲಿ ಅದೇ ಆರು ತಿಂಗಳಿಗೆ ಶೇ 88 ಉಳಿದಿದ್ದರು. ಆದರೆ ನೇರವಾಗಿ 83ನ್ನು 88ಕ್ಕೆ ಹೋಲಿಸಿದರೂ ತಪ್ಪೇ. ಕಡೂರು ಬಯಲುಸೀಮೆ, ಅಷ್ಟು ಮಳೆ ಇಲ್ಲ. ರೂಮಿನ ಹುಡುಗರೂ ಕಡಿಮೆ. ಹಾಗಾಗಿ ಹಿಂದಿನ ವರ್ಷದ ಅದೇ ಜೂನ್‌ನಿಂದ ನವೆಂಬರ್‌ವರೆಗಿನ ರಿಜಿಸ್ಟರ್ ತೆಗೆದೆ. ಊರಲ್ಲಿ ಶೇ 87, ಕಡೂರಿನಲ್ಲಿ ಆಗಲೂ ಶೇ 88. ಎರಡೂ ವರ್ಷ ಕಡೂರು ಅಲ್ಲೇ ನಿಂತಿದೆ ಅಂದರೆ, ಈ ವರ್ಷ ಎಲ್ಲೆಡೆ ಒಟ್ಟಿಗೆ ಹೊಡೆದ ಬೇರೆ ಕಾರಣ ಕಾಣಲಿಲ್ಲ ಅಂತಾಯಿತು. ಊರಲ್ಲಿ 87 ಇದ್ದದ್ದು 83 ಆಗಿದೆ. ಆ ನಾಲ್ಕು ಅಂಕ ಬೆಲೆಯ ಖಾತೆಗೆ.

```
e = ln(0.83/0.87) / ln(575/500)
  = -0.047 / 0.140
  = -0.34
```

ln ಅಂದರೆ ಲಾಗರಿದಮ್, ಗಾಬರಿ ಬೇಡ, ಎಕ್ಸೆಲ್‌ನಲ್ಲಿ LN ಅಂತ ಇದೆ. ಸುಮ್ನೆ ಶೇಕಡಾದಲ್ಲಿ ಮಾಡಿದರೆ 4.6 ಭಾಗಿಸು 15, ಅಂದರೆ -0.31 ಬರುತ್ತದೆ. ವ್ಯತ್ಯಾಸ ದೊಡ್ಡದಲ್ಲ. ಕಡೂರಿನ ಎರಡು ವರ್ಷದ ಸಂಖ್ಯೆ ಬೇರೆ ಬೇರೆ ಇದ್ದಿದ್ದರೆ 0.83/0.87ನ್ನು ಕಡೂರಿನ ಅನುಪಾತದಿಂದಲೂ ಭಾಗಿಸಬೇಕಿತ್ತು. ಇದಕ್ಕೆ ಹೆಸರು ಡಿಫರೆನ್ಸ್ ಇನ್ ಡಿಫರೆನ್ಸಸ್.

ಇಲ್ಲಿ ಒಂದು ಎಚ್ಚರಿಕೆ. -0.34 ಅಂತ ಎರಡು ದಶಮಾಂಶ ಬರೆದ ತಕ್ಷಣ ಅಷ್ಟು ನಿಖರ ಅಂತಲ್ಲ. ಕಡೂರಿನ 600 ಜನರಲ್ಲಿ ಸುಮ್ನೆ ಅದೃಷ್ಟದ ಆಟಕ್ಕೇ ಎಂಟು ಜನ ಹೆಚ್ಚು ಕಡಿಮೆ ಆಗುತ್ತಾರೆ. ನಾಲ್ಕೂ ಸಂಖ್ಯೆಗಳ ಈ ಅಲುಗಾಟ ಸೇರಿಸಿದರೆ ನಮ್ಮ ಉತ್ತರ 0ಯಿಂದ -0.7ರವರೆಗೆ ಎಲ್ಲಿ ಬೇಕಾದರೂ ಇರಬಹುದಿತ್ತು. ಓನರ್‌ಗೆ ನಾನು ಹೇಳಿದ್ದು ಆ ಇಡೀ ಅಳತೆಯನ್ನೇ. ಅಷ್ಟು ಅಗಲ ಇದ್ದರೂ ಒಂದು ವಿಷಯ ಗಟ್ಟಿ: ಕೆಟ್ಟ ಕೊನೆ ಹಿಡಿದರೂ ಅದು 1ಕ್ಕಿಂತ ಕಡಿಮೆ. ಅಂದರೆ ಬೆಲೆ ಏರಿದಷ್ಟು ಶೇಕಡಾ ಗಿರಾಕಿಗಳು ಇಳಿದಿಲ್ಲ, ಹಾಗಾಗಿ ಹಳೇ ಗಿರಾಕಿಗಳಿಂದ ಬರುವ ದುಡ್ಡು ಬೆಲೆ ಏರಿಸಿದ್ದರಿಂದ ಹೆಚ್ಚೇ ಆಗಿದೆ.

ಇಲ್ಲಿಗೆ ಮುಗಿಯಿತು ಅಂತ ನಾವೂ ಅಂದುಕೊಂಡೆವು. ನಿಜವಾದ ಏಟು ಚರ್ನ್ ಶೀಟ್‌ನಲ್ಲಿ ಇರಲೇ ಇಲ್ಲ.

ಬಿಟ್ಟು ಹೋಗುವವರು ಕಾಣುತ್ತಾರೆ, ಫೋನ್ ಮಾಡಿ ಬೈಯುತ್ತಾರೆ. ರೇಟ್ ಕೇಳಿ ಕನೆಕ್ಷನ್ ತೆಗೆದುಕೊಳ್ಳದೇ ಹೋದವರು ಎಲ್ಲೂ ಕಾಣಲ್ಲ. ನಮ್ಮಲ್ಲಿ ಹಿಂದಿನ ವರ್ಷ ಆ ಆರು ತಿಂಗಳು ತಿಂಗಳಿಗೆ ಸರಾಸರಿ 40 ಹೊಸ ಕನೆಕ್ಷನ್ ಬಂದಿದ್ದವು. ಬೆಲೆ ಏರಿದ ಮೇಲೆ 34. ಆರು ಕಡಿಮೆ ಅಂದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಕೆರೆಯ ಲೆಕ್ಕ ಮಾಡಿ ನೋಡಿ. ಒಳಗೆ ಬರೋ ನೀರು, ತೂಬಲ್ಲಿ ಹೋಗೋ ನೀರು, ಎರಡೂ ಸಮ ಆದ ಕಡೆ ಮಟ್ಟ ನಿಲ್ಲುತ್ತದೆ. ವರ್ಷದ ಸರಾಸರಿಯಲ್ಲಿ ತಿಂಗಳ ಚರ್ನ್ ಶೇ 2 ಇದ್ದಾಗ 40 ಭಾಗಿಸು 0.02, ಅಂದರೆ 2000. ಚರ್ನ್ ಹಳೇ ಮಟ್ಟಕ್ಕೆ ಪೂರ್ತಿ ವಾಪಸ್ ಬಂದರೂ 34 ಭಾಗಿಸು 0.02 ಮಾಡಿದರೆ 1700. ಶೇ 15 ಬೆಲೆಗೆ ಶೇ 15 ಗಿರಾಕಿ! ln ಹಾಕಿದರೆ -1.16.

ನೋಡಿ, ಒಂದೇ ಬೆಲೆ ಏರಿಕೆಗೆ ಎರಡು ಉತ್ತರ. ಆರು ತಿಂಗಳ ಕೊನೆಗೆ ಹಳಬರು ಹೊಸಬರು ಸೇರಿ ಸುಮಾರು 1850 ಕನೆಕ್ಷನ್. 575ರಿಂದ ಗುಣಿಸಿದರೆ ತಿಂಗಳಿಗೆ 10 ಲಕ್ಷ 64 ಸಾವಿರದ ಹತ್ತಿರ. ಮೊದಲು 10 ಲಕ್ಷ ಇತ್ತು, ಲಾಭವೇ. ಆದರೆ 1700ಕ್ಕೆ ಇಳಿದ ದಿನ 9 ಲಕ್ಷ 77 ಸಾವಿರ. ಶೇ 2ರ ಚರ್ನ್‌ನಲ್ಲಿ ಆ ದಾರಿಯ ಅರ್ಧ ಸವೆಯೋಕೇ ಮೂರು ವರ್ಷ ಬೇಕು. ಅದಕ್ಕೇ ಯಾರಿಗೂ ಗೊತ್ತಾಗಲ್ಲ. 40 ಮತ್ತು 34 ಇಷ್ಟು ಸಣ್ಣ ಸಂಖ್ಯೆಗಳು ಆದ್ದರಿಂದ -1.16ರ ಮೇಲೆ ನನಗೆ -0.34ಕ್ಕಿಂತಲೂ ಕಡಿಮೆ ನಂಬಿಕೆ. ಆದರೂ ಕಣ್ಣಿಡಬೇಕಾದ್ದು ಅಲ್ಲೇ.

ನಿಮ್ಮ ಶೇ 5 ಹಾಗೇ ಉಳಿದುಬಿಟ್ಟರೆ ಇದೇ ಕೆರೆ ಲೆಕ್ಕ ಭಯಂಕರ. ತಿಂಗಳಿಗೆ 40 ಹೊಸಬರು ಬಂದರೂ 40 ಭಾಗಿಸು 0.05, ಅಂದರೆ 800ಕ್ಕೆ ಹೋಗಿ ನಿಲ್ಲುತ್ತೀರಿ. ಆದರೆ ಹಾಗೆ ಉಳಿಯುತ್ತದೋ ಇಲ್ಲವೋ ಅಂತ ಒಂದು ತಿಂಗಳಲ್ಲಿ ಹೇಳೋಕೆ ಬರಲ್ಲ. ಆಗಸ್ಟ್, ಸೆಪ್ಟೆಂಬರ್ ಸಂಖ್ಯೆ ಬರಲಿ. ಅಷ್ಟರಲ್ಲಿ ಇಳಿಯದಿದ್ದರೆ ಬೆಲೆಗಿಂತ ಮೊದಲು ಬೇರೆಯವರು ನಿಮ್ಮ ಏರಿಯಾದಲ್ಲಿ ಕೇಬಲ್ ಎಳೆದಿದ್ದಾರಾ ನೋಡಿ.

ಎಲ್ಲರಿಗೂ ಒಂದೇ ದಿನ ಏರಿಸಿದ್ದರೆ ನಿಮಗೆ ಕಡೂರು ಇಲ್ಲ. ಆಗ ಹಿಂದಿನ ವರ್ಷದ ಅದೇ ತಿಂಗಳುಗಳೇ ಗತಿ. ವರ್ಷದ ದುಡ್ಡು ಮೊದಲೇ ಕಟ್ಟಿದವರನ್ನು ಹೋಲಿಕೆಗೆ ಇಟ್ಟುಕೊಳ್ಳೋಣ ಅನಿಸುತ್ತದೆ, ಬೇಡ. ಅವರು ಮೊದಲಿಂದಲೂ ಬಿಡದ ಜಾತಿ. ಮುಂದಿನ ಸಲ ಏರಿಸುವಾಗ ಹಾಸನ ಮೊದಲು, ಅರಸೀಕೆರೆಯೋ ಚನ್ನರಾಯಪಟ್ಟಣವೋ ನಾಲ್ಕೈದು ತಿಂಗಳು ತಡವಾಗಿ ಅಂತ ಬೇಕೆಂದೇ ಮಾಡಿ. ಒಂದೇ ಊರಲ್ಲಿ ಬೀದಿ ಬೀದಿಗೆ ಬೇರೆ ರೇಟ್ ಇಡಬೇಡಿ. ಪಕ್ಕದ ಮನೆಯವರು ಮಾತಾಡಿಕೊಂಡರೆ ನಿಮ್ಮ ಲೆಕ್ಕವೂ ಕೆಡುತ್ತದೆ, ಹೆಸರೂ ಕೆಡುತ್ತದೆ.

ನಮ್ಮ ಓನರ್ ಕೊನೆಗೆ ಹಳಬರಿಗೆ 575 ಹಾಗೇ ಬಿಟ್ಟು, ಹೊಸ ಕನೆಕ್ಷನ್‌ಗೆ ಮಾತ್ರ ಮೊದಲ ಮೂರು ತಿಂಗಳು 500 ಮಾಡಿದರು. ಆ ಹೊಸಬರನ್ನು ನಾನು ಬೇರೆ ಶೀಟ್‌ನಲ್ಲಿ ಇಟ್ಟೆ. ನಾಲ್ಕನೇ ತಿಂಗಳು ಅವರಿಗೂ ಶೇ 15 ಏರುತ್ತದಲ್ಲ, ಆಗ ಎಷ್ಟು ಜನ ಉಳಿಯುತ್ತಾರೆ ಅಂತ ನೋಡಬೇಕಿತ್ತು.