ಮೊದಲ ಪದಕ್ಕೆ ಎಷ್ಟು ಹೊತ್ತು? ಗಡಿಯಾರ ಎಲ್ಲಿಡಬೇಕು, ಕತ್ತರಿ ಎಲ್ಲಿ ಹಾಕಬೇಕು

ಪ್ರಶ್ನೆ: ನಮ್ಮ ಸಂಸ್ಥೆಯ ಸಿಬ್ಬಂದಿಗಾಗಿ ಒಂದು ಚಾಟ್‌ಬಾಟ್ ಮಾಡಿದ್ದೇವೆ. ನಿಯಮಗಳ ಫೈಲುಗಳಲ್ಲಿ ಹುಡುಕಿ ಉತ್ತರ ಕೊಡುತ್ತದೆ. ಡ್ಯಾಶ್‌ಬೋರ್ಡ್ ನೋಡಿದರೆ ಮೊದಲ ಟೋಕನ್ 0.6 ಸೆಕೆಂಡಿಗೇ ಬರುತ್ತಿದೆ. ಬಳಸುವವರು ಮಾತ್ರ "ತುಂಬಾ ನಿಧಾನ" ಅಂತಲೇ ಹೇಳುತ್ತಾರೆ. ಚಿಕ್ಕ ಮಾಡೆಲ್‌ಗೆ ಬದಲಾಯಿಸೋಣ ಎನ್ನುತ್ತಾರೆ ಸಹೋದ್ಯೋಗಿಗಳು. ಅದು ಸರಿಯೇ? ಒಂದು ಪ್ರಶ್ನೆಯ ಲಾಗ್, ಜೊತೆಗೆ ನಮ್ಮ ಪ್ರಾಂಪ್ಟ್ ಮತ್ತು ಸೆಟ್ಟಿಂಗ್‌ಗಳನ್ನು ಕಳಿಸಿದ್ದೇನೆ, ನೋಡಿ ಹೇಳಿ. ಕಚೇರಿಯಿಂದ ಸರ್ವರ್‌ಗೆ ಹೋಗಿ ಬರಲು 60 ಮಿಲಿಸೆಕೆಂಡ್ ಹಿಡಿಯುತ್ತದೆ.

ಉತ್ತರ: ಈಗಲೇ ಮಾಡೆಲ್ ಬದಲಾಯಿಸಬೇಡಿ. ಡ್ಯಾಶ್‌ಬೋರ್ಡ್ ಸುಳ್ಳು ಹೇಳುತ್ತಿಲ್ಲ, ನಿಮ್ಮ ಜನರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಗಡಿಯಾರಗಳು ಬೇರೆ ಬೇರೆ ಕಡೆ ಶುರುವಾಗುತ್ತಿವೆ, ಅಷ್ಟೇ. ಡ್ಯಾಶ್‌ಬೋರ್ಡ್‌ನ ಗಡಿಯಾರ ಮಾಡೆಲ್‌ಗೆ ಪ್ರಾಂಪ್ಟ್ ಕಳಿಸಿದಾಗ ಶುರುವಾಗಿ ಮೊದಲ ಟೋಕನ್ ಬಂದಾಗ ನಿಲ್ಲುತ್ತದೆ. ಬಳಸುವವರದ್ದು ಬಟನ್ ಒತ್ತಿದಾಗ ಶುರುವಾಗಿ ಪರದೆ ಮೇಲೆ ಮೊದಲ ಪದ ಕಂಡಾಗ ನಿಲ್ಲುತ್ತದೆ. ನೀವು ಕಳಿಸಿದ ಲಾಗ್ ಅನ್ನು ಇಲ್ಲಿ ಸ್ವಲ್ಪ ಜೋಡಿಸಿ ಬರೆದಿದ್ದೇನೆ. ಎಲ್ಲವೂ ಮಿಲಿಸೆಕೆಂಡ್‌ನಲ್ಲಿ.

```
load_history        40
rewrite_query      780
vector_search      110
rerank             240
llm_first_token    620
output_check       500
server_total      2290
browser_total     2600
```

ಡ್ಯಾಶ್‌ಬೋರ್ಡ್ ತೋರಿಸುವುದು ಇದರಲ್ಲಿ ಒಂದೇ ಸಾಲು, 620. ಕುಳಿತವರು ಕಾದದ್ದು 2600. ಚಿಕ್ಕ ಮಾಡೆಲ್ ಹಾಕಿ 620 ಅನ್ನು 350ಕ್ಕೆ ಇಳಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಉಳಿಯುವುದು 270 ಮಿಲಿಸೆಕೆಂಡ್, ಅಂದರೆ ಒಟ್ಟು ಕಾಯುವಿಕೆಯ ಹತ್ತನೇ ಒಂದು ಭಾಗ. ಅದಕ್ಕಾಗಿ ಉತ್ತರದ ಗುಣಮಟ್ಟ ಬಿಟ್ಟುಕೊಡುವುದು ನನಗಂತೂ ಲಾಭದ ವ್ಯಾಪಾರ ಅನ್ನಿಸುವುದಿಲ್ಲ.

ಅಳತೆಯ ಬಗ್ಗೆ ಮೊದಲು ಒಂದೆರಡು ಮಾತು, ಯಾಕಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಸ್ಟ್ರೀಮ್‌ನಲ್ಲಿ ಮೊದಲು ಬರುವ ತುಣುಕಿನಲ್ಲಿ ಹಲವು ಸಲ ಪಠ್ಯವೇ ಇರುವುದಿಲ್ಲ. "ಉತ್ತರ ಶುರುವಾಗಿದೆ" ಎಂಬ ಸೂಚನೆ ಮಾತ್ರ ಇರುತ್ತದೆ, ಇಲ್ಲವೇ ಬರೀ ಖಾಲಿ ಜಾಗ. ಅದನ್ನು ಎಣಿಸಿಬಿಟ್ಟರೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಪರದೆ ಖಾಲಿಯೇ ಇರುತ್ತದೆ. ಹಾಗಾಗಿ ನಿಜವಾದ ಅಕ್ಷರ ಬಂದಾಗ ಮಾತ್ರ ಗಡಿಯಾರ ನೋಡಿ:

```python
import time

t0 = time.perf_counter()  # ಪ್ರಾಂಪ್ಟ್ ಕಳಿಸುವ ಮುಂಚೆಯೇ
first = None
for chunk in stream:
    if first is None and (chunk.text or "").strip():
        first = time.perf_counter() - t0
total = time.perf_counter() - t0
```

ಇಲ್ಲಿ `chunk.text` ಅಂತ ಇರುವುದನ್ನು ನಿಮ್ಮ ಲೈಬ್ರರಿಯಲ್ಲಿರುವ ಹೆಸರಿಗೆ ಬದಲಾಯಿಸಿಕೊಳ್ಳಿ. `time.time()` ಬೇಡ. ಸಿಸ್ಟಂ ಗಡಿಯಾರವನ್ನು ನಡುವೆ ಸರಿಪಡಿಸಿದರೆ ಅದು ಹಿಂದೆ ಮುಂದೆ ಜಿಗಿಯುತ್ತದೆ. ಬ್ರೌಸರ್‌ನಲ್ಲಿ ಇದೇ ಕೆಲಸಕ್ಕೆ `performance.now()` ಇದೆ. ಇನ್ನೊಂದು ವಿಷಯ: ಸರ್ವರ್‌ನ ಸಮಯವನ್ನು ಬ್ರೌಸರ್‌ನ ಸಮಯದಿಂದ ನೇರವಾಗಿ ಕಳೆಯಬೇಡಿ. ಎರಡು ಯಂತ್ರಗಳ ಗಡಿಯಾರ ತಾಳೆಯಾಗುತ್ತವೆ ಅನ್ನುವ ಖಾತರಿ ಇಲ್ಲ. ಒಂದೊಂದು ಯಂತ್ರದಲ್ಲೂ ಕಳೆದ ಅವಧಿಯನ್ನು ಬೇರೆಬೇರೆಯಾಗಿ ಅಳೆದು, ಆಮೇಲೆ ಒಂದರಿಂದ ಇನ್ನೊಂದನ್ನು ಕಳೆಯಿರಿ. ನಿಮ್ಮ ಲೆಕ್ಕದಲ್ಲಿ 2600ರಿಂದ 2290 ಕಳೆದರೆ 310 ಉಳಿಯುತ್ತದೆ. ಅದು ದಾರಿಯಲ್ಲಿ ಹೋದ ಹೊತ್ತು. ಈ 310ಕ್ಕೆ ಆಮೇಲೆ ಬರುತ್ತೇನೆ, ಅದರಲ್ಲೊಂದು ತಮಾಷೆ ಇದೆ.

ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ ಅಳೆಯುವುದೂ ಮೋಸವೇ. ನಾನೇ ಒಮ್ಮೆ ಸುಮ್ನೆ ಒಂದು ಪ್ರಶ್ನೆಯನ್ನು ಐವತ್ತು ಸಲ ಓಡಿಸಿ, ಬಂದ ಸಂಖ್ಯೆ ನೋಡಿ ಬೀಗಿದ್ದೆ. ಜನ ಬಳಸಲು ಶುರುಮಾಡಿದ ದಿನ ಮೂರು ಪಟ್ಟು ನಿಧಾನವಾಯಿತು. ಎರಡನೇ ಸಲದಿಂದ ಪ್ರಾಂಪ್ಟ್ ಪೂರ್ತಿ ಕ್ಯಾಶ್‌ನಿಂದ ಬರುತ್ತಿತ್ತು, ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಬಳಕೆದಾರರು ನಿಜವಾಗಿ ಕೇಳಿದ ಇನ್ನೂರು ಪ್ರಶ್ನೆಗಳನ್ನು, ಕೆಲಸದ ಹೊತ್ತಿನಲ್ಲಿ, ಒಟ್ಟಿಗೆ ಎಷ್ಟು ಜನ ಇರುತ್ತಾರೋ ಅಷ್ಟೇ ಸಂಖ್ಯೆಯಲ್ಲಿ ಓಡಿಸಿ.

ಈಗ ಲಾಗ್‌ಗೆ ಬರೋಣ. ದೊಡ್ಡ ತುತ್ತು `rewrite_query`, 780. "ಅದಕ್ಕೆ ಎಷ್ಟು ದಿನ?" ಅಂತ ಯಾರೋ ಕೇಳಿದರೆ, ಹಿಂದಿನ ಮಾತು ನೋಡಿ "ಅದು" ಯಾವುದು ಅಂತ ಬಿಡಿಸಿ, ಹುಡುಕಲು ಬರುವಂಥ ಪ್ರಶ್ನೆಯಾಗಿ ತಿದ್ದಿ ಬರೆಯುವ ಹಂತ ಅದು. ನೀವು ಇದಕ್ಕೂ ದೊಡ್ಡ ಮಾಡೆಲ್ಲನ್ನೇ ಕರೆಯುತ್ತಿದ್ದೀರಿ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮನುಷ್ಯ ಓದುವ ಉತ್ತರಕ್ಕೆ ಮೊದಲ ಪದ ಎಷ್ಟು ಬೇಗ ಬಂತು ಅನ್ನುವುದೇ ಮುಖ್ಯ, ಉಳಿದದ್ದನ್ನು ಅವರು ಓದುತ್ತಾ ಓದುತ್ತಾ ಪಡೆಯುತ್ತಾರೆ. ಒಳಗಿನ ಹಂತಗಳಿಗೆ ಆ ಸೌಲಭ್ಯ ಇಲ್ಲ. ತಿದ್ದಿದ ಪ್ರಶ್ನೆಯ ಕೊನೆಯ ಪದ ಬರುವ ತನಕ ಹುಡುಕಾಟ ಶುರುವಾಗುವುದೇ ಇಲ್ಲ. ಅಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಕೊನೆಯ ಪದದ ಹೊತ್ತು. ಆ ಒಂದು ಸಾಲು ಎಷ್ಟು ಉದ್ದ ಇದೆಯೋ ಅಷ್ಟೂ ಕಾಯುವಿಕೆಯೇ.

ಆದ್ದರಿಂದ ಚಿಕ್ಕ ಮಾಡೆಲ್ ನಿಜವಾಗಿ ಬೇಕಾಗಿರುವುದು ಇಲ್ಲಿ, ಉತ್ತರಕ್ಕಲ್ಲ. ನಿಮ್ಮ ಸಹೋದ್ಯೋಗಿಗಳು ಅರ್ಧ ಸರಿ ಅನ್ನಿ. ಅದಕ್ಕಿಂತ ಸುಲಭದ ಉಳಿತಾಯ ಇನ್ನೊಂದಿದೆ. ನೀವು ಕಳಿಸಿದ ಲಾಗ್ ಮಾತುಕತೆಯ ಮೊದಲ ಪ್ರಶ್ನೆಯದ್ದು. ಹಿಂದೆ ಮಾತೇ ಇಲ್ಲದಿರುವಾಗ ಬಿಡಿಸಲು ಏನಿದೆ? ಮೊದಲ ಪ್ರಶ್ನೆಗೆ ಈ ಹಂತವನ್ನೇ ಬಿಟ್ಟುಬಿಡಿ. ಅಲ್ಲಿಗೆ 780 ಪೂರ್ತಿ ಹೋಯಿತು. ಮುಂದಿನ ಪ್ರಶ್ನೆಗಳಿಗೆ ಚಿಕ್ಕ ಮಾಡೆಲ್ ಹಾಕಿ, ತಿದ್ದಿದ ಪ್ರಶ್ನೆ ಚಿಕ್ಕದಾಗಿರಲಿ ಅಂತ ಅದಕ್ಕೆ ಹೇಳಿ. 300ರ ಆಸುಪಾಸಿಗೆ ಇಳಿಯುವುದು ಕಷ್ಟವಲ್ಲ. ಆದರೆ ತಿದ್ದುವುದು ತಪ್ಪಿದರೆ ಹುಡುಕಾಟವೇ ತಪ್ಪುತ್ತದೆ. ಬದಲಾಯಿಸುವ ಮೊದಲು ಹಳೆಯ ಐವತ್ತು ಪ್ರಶ್ನೆಗಳನ್ನು ಎರಡರಲ್ಲೂ ಓಡಿಸಿ, ಅದೇ ಫೈಲುಗಳು ಸಿಗುತ್ತವೆಯೇ ಅಂತ ಪಕ್ಕಪಕ್ಕ ಇಟ್ಟು ನೋಡಿ.

ಮುಂದಿನದ್ದು `output_check`, 500. ಮಾಡೆಲ್ ಬರೆದದ್ದನ್ನು ತಕ್ಷಣ ತೋರಿಸದೆ, ಹದಿನಾರು ಟೋಕನ್ ಸೇರಿದ ಮೇಲೆ ಪರಿಶೀಲನೆಗೆ ಕೊಡುತ್ತಿದ್ದೀರಿ. ಒಂದು ಟೋಕನ್‌ಗೆ 25 ಮಿಲಿಸೆಕೆಂಡ್ ಅಂದರೆ ಸೇರುವುದಕ್ಕೇ 400, ಪರಿಶೀಲನೆಗೆ 100. ಪರಿಶೀಲನೆ ವೇಗವಾಗಿಯೇ ಇದೆ, ನಿಮ್ಮನ್ನು ಕಾಯಿಸುತ್ತಿರುವುದು ಕೂಡಿಡುವುದು. ಮೊದಲ ಕಂತನ್ನು ನಾಲ್ಕು ಟೋಕನ್‌ಗೆ ಇಳಿಸಿದರೆ ಈ ಸಾಲು 200 ಆಗುತ್ತದೆ. ಆಮೇಲಿನ ಕಂತುಗಳು ದೊಡ್ಡದಿದ್ದರೂ ನಡೆಯುತ್ತದೆ, ಅಷ್ಟು ಹೊತ್ತಿಗೆ ಓದುಗರ ಕಣ್ಣು ಪರದೆ ಮೇಲೆ ಇರುತ್ತದೆ. ಇದಕ್ಕೊಂದು ಬೆಲೆ ಇದೆ: ನಾಲ್ಕು ಟೋಕನ್ ನೋಡಿ ಪರಿಶೀಲಕ ಹೆಚ್ಚೇನೂ ಹೇಳಲಾರದು, ಒಮ್ಮೆ ತೋರಿಸಿದ್ದನ್ನು ವಾಪಸ್ ತೆಗೆದುಕೊಳ್ಳಲೂ ಆಗದು. ರಜೆ ನಿಯಮ ಹೇಳುವ ಬಾಟ್‌ಗೆ ಇದು ಪರವಾಗಿಲ್ಲ. ಔಷಧಿಯ ಪ್ರಮಾಣ ಹೇಳುವ ಬಾಟ್ ಆಗಿದ್ದರೆ ನಾನು ಆ 500 ಅನ್ನು ಮುಟ್ಟುತ್ತಿರಲಿಲ್ಲ. ಕನ್ನಡದಲ್ಲಿ ಬರೆಯುವ ಬಾಟ್ ಆದರೆ ಇನ್ನೊಂದು ಎಚ್ಚರ. ಹಲವು ಮಾಡೆಲ್‌ಗಳಲ್ಲಿ ಒಂದು ಕನ್ನಡ ಪದ ಐದಾರು ಟೋಕನ್ ಆಗಿ ಒಡೆಯುವುದು ಮಾಮೂಲು, ಆಗ ನಾಲ್ಕು ಟೋಕನ್ ಅಂದರೆ ಒಂದು ಪದವೂ ಪೂರ್ತಿ ಆಗಿರುವುದಿಲ್ಲ. ಟೋಕನ್ ಬದಲು ಪದ ಎಣಿಸಿ.

ಈಗ ಆ 310. ನಿಮ್ಮ ಕಚೇರಿಯಿಂದ ಸರ್ವರ್‌ಗೆ ಹೋಗಿ ಬರಲು 60 ಮಿಲಿಸೆಕೆಂಡ್ ಅಂತ ಬರೆದಿದ್ದೀರಿ. ಉಳಿದ 250 ಎಲ್ಲಿ ಹೋಯಿತು? ನನ್ನ ಅನುಮಾನ ನಡುವೆ ಕುಳಿತಿರುವ ಪ್ರಾಕ್ಸಿ ಮೇಲೆ. `nginx` ಡೀಫಾಲ್ಟ್ ಆಗಿ ಸರ್ವರ್‌ನಿಂದ ಬಂದದ್ದನ್ನು ಬಫರ್‌ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮಾಮೂಲಿ ವೆಬ್‌ಪುಟಕ್ಕೆ ಅದು ಒಳ್ಳೆಯದೇ, ಹನಿಹನಿಯಾಗಿ ಬರುವ ಉತ್ತರಕ್ಕೆ ಮಾತ್ರ ಅಡ್ಡಿ. ಪತ್ತೆ ಹಚ್ಚುವುದು ಸುಲಭ. ಬಫರಿಂಗ್ ನಿಲ್ಲಿಸಿ ಕೇಳುವ `curl -N` ಅನ್ನು ಒಮ್ಮೆ ನೇರವಾಗಿ ಸರ್ವರ್‌ಗೆ, ಒಮ್ಮೆ ಪ್ರಾಕ್ಸಿ ಮೂಲಕ ಓಡಿಸಿ ನೋಡಿ. ಮೊದಲನೆಯದರಲ್ಲಿ ಪದಗಳು ಒಂದೊಂದಾಗಿ ಉದುರಿ, ಎರಡನೆಯದರಲ್ಲಿ ಗುಂಪುಗುಂಪಾಗಿ ಬಂದು ಬಿದ್ದರೆ ಕಳ್ಳ ಸಿಕ್ಕ ಹಾಗೆ. ಆ ದಾರಿಗೆ ಮಾತ್ರ ಹೀಗೆ ಬರೆಯಿರಿ:

```
proxy_buffering off;
```

ಪ್ರಾಕ್ಸಿ ನಿಮ್ಮ ಕೈಯಲ್ಲಿಲ್ಲದಿದ್ದರೆ ನಿಮ್ಮ ಆ್ಯಪ್‌ನಿಂದಲೇ `X-Accel-Buffering: no` ಎಂಬ ಹೆಡರ್ ಕಳಿಸಿದರೂ `nginx` ಸಾಮಾನ್ಯವಾಗಿ ಕೇಳುತ್ತದೆ. ಗಂಭೀರ ಪ್ರಕರಣಗಳಲ್ಲಿ ಬಫರಿಂಗ್ ಇಡೀ ಉತ್ತರವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಬ್ರೌಸರ್‌ನಲ್ಲಿ ಮೊದಲ ಪದದ ಹೊತ್ತೂ ಕೊನೆಯ ಪದದ ಹೊತ್ತೂ ಹೆಚ್ಚುಕಡಿಮೆ ಒಂದೇ ಬಂದರೆ ಬಹುಶಃ ಅದೇ ಕಾರಣ.

ಕೊನೆಯಲ್ಲಿ ಮಾಡೆಲ್‌ನ 620. ಮೊದಲ ಪದಕ್ಕೂ ಮುಂಚೆ ಮಾಡೆಲ್ ನಿಮ್ಮ ಪ್ರಾಂಪ್ಟ್ ಪೂರ್ತಿ ಓದಬೇಕು, ಅದಕ್ಕೇ ಇಷ್ಟು ಹೊತ್ತು. ಪ್ರಾಂಪ್ಟ್‌ನ ಆರಂಭದ ಭಾಗ ಪ್ರತಿ ಸಲವೂ ಒಂದೇ ಇದ್ದರೆ, ಓದಿದ್ದನ್ನು ಕ್ಯಾಶ್‌ನಲ್ಲಿಟ್ಟು ಮರುಬಳಸುವ ವ್ಯವಸ್ಥೆ ಹಲವು ಕಡೆ ಇದೆ. ನಿಮ್ಮ ಪ್ರಾಂಪ್ಟ್‌ನ ಮೊದಲ ಸಾಲೇ ಈಗಿನ ದಿನಾಂಕ ಮತ್ತು ಸಮಯ, ಅದೂ ಸೆಕೆಂಡ್ ಸಮೇತ! ಆರಂಭದಲ್ಲೇ ಒಂದಕ್ಷರ ಬದಲಾದರೆ ಅದರ ಮುಂದಿನದ್ದೆಲ್ಲ ಹೊಸದಾಗಿ ಓದಬೇಕು. ಆ ಸಾಲನ್ನು ಪ್ರಾಂಪ್ಟ್‌ನ ಕೊನೆಗೆ ಸರಿಸಿ. ಎಷ್ಟು ಉಳಿಯುತ್ತದೆ ಅಂತ ಅಳೆದೇ ನೋಡಬೇಕು, ಹಾಗಾಗಿ ಲೆಕ್ಕಕ್ಕೆ ಸೇರಿಸುತ್ತಿಲ್ಲ.

ಕೂಡಿಸಿ ನೋಡಿ: ದಾರಿ 90ಕ್ಕೆ ಇಳಿದರೆ ಅದು, ಇತಿಹಾಸ 40, ಹುಡುಕಾಟ 110, ಮರುಜೋಡಣೆ 240, ಮಾಡೆಲ್ 620, ಪರಿಶೀಲನೆ 200. ಮೊದಲ ಪ್ರಶ್ನೆಗೆ 1300, ಮುಂದಿನವಕ್ಕೆ 1600. ಉತ್ತರದ ಮಾಡೆಲ್ ಅದೇ.

ಒಂದು ಅನುಮಾನ ಉಳಿದಿದೆ. ನೀವು ಕಳಿಸಿದ್ದು ತೀರಾ ಬೇಗವೂ ಅಲ್ಲದ, ತೀರಾ ನಿಧಾನವೂ ಅಲ್ಲದ ಪ್ರಶ್ನೆ. ದೂರುವವರು ಬಹುಶಃ ಕೊನೆಯ ಬೆಂಚಿನವರು, ಅಂದರೆ ನೂರರಲ್ಲಿ ಅತಿ ನಿಧಾನದ ಐದು. ಸರಾಸರಿಯಲ್ಲಿ ಅವರು ಕಾಣುವುದಿಲ್ಲ, `p95` ನೋಡಬೇಕು. ಒಂದೊಂದು ಹಂತದ `p95` ಕೂಡಿಸಿದರೆ ಒಟ್ಟಿನ `p95` ಬರುವುದಿಲ್ಲ, ಯಾಕಂದರೆ ಎಲ್ಲ ಹಂತಗಳೂ ಒಂದೇ ಪ್ರಶ್ನೆಗೆ ಕೈಕೊಡುವುದು ಅಪರೂಪ. ಆ ಐದು ಪ್ರಶ್ನೆಗಳ ಪೂರ್ತಿ ಲಾಗ್‌ಗಳನ್ನೇ ಒಂದೊಂದಾಗಿ ತೆಗೆದು ಓದಿ. ಹಾಗೆಯೇ ಮಾಡೆಲ್‌ನ ಮೊದಲ ಟೋಕನ್ ಹೊತ್ತನ್ನು ಪ್ರಾಂಪ್ಟ್ ಉದ್ದದ ಎದುರು ಚುಕ್ಕಿ ಹಾಕಿ ನೋಡಿ. ಉದ್ದ ಹೆಚ್ಚಿದಂತೆ ಚುಕ್ಕಿಗಳು ಮೇಲೇರಿದರೆ ಹಳೆಯ ಮಾತುಕತೆಯನ್ನು ಜಾಸ್ತಿ ಹೊತ್ತೊಯ್ಯುತ್ತಿದ್ದೀರಿ, ಕತ್ತರಿಸಿ. ಒಂದೇ ಉದ್ದದ ಪ್ರಾಂಪ್ಟ್‌ಗಳೇ ಕೆಲವೊಮ್ಮೆ ಬೇಗ, ಕೆಲವೊಮ್ಮೆ ತೀರಾ ತಡ ಆಗುತ್ತಿದ್ದರೆ, ತಡವಾದವು ದಿನದ ಯಾವ ಹೊತ್ತಿನವು ನೋಡಿ. ಜನ ಜಾಸ್ತಿ ಇರುವ ಗಂಟೆಗಳಲ್ಲೇ ಗುಂಪಾಗಿದ್ದರೆ ಅದು ಸರದಿ. ತಡ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಅಂಕಿಯಷ್ಟು ಇದ್ದರೆ, ಟೈಮ್‌ಔಟ್ ಆಗಿ ಮತ್ತೆ ಕೇಳುತ್ತಿರಬಹುದು. ಆ ಚುಕ್ಕಿಗಳ ಚಿತ್ರ ಸಿಕ್ಕರೆ ಕಳಿಸಿ.