ಆಡುಮಾತಿನ ತೀರ್ಮಾನ ನಡವಳಿ ಪುಸ್ತಕಕ್ಕೆ ಹೋಗುವಾಗ

ಪ್ರಶ್ನೆ: "ನಮ್ಮ ರೈತ ಗುಂಪಿನ ಸಭೆಯಲ್ಲಿ ಪವರ್ ಸ್ಪ್ರೇಯರ್ ಬಗ್ಗೆ ಆದ ಮಾತು ಇಷ್ಟು: 'ಮೊದ್ಲು ನಮ್ ಸದಸ್ಯರಿಗೇ ಕೊಡಣ. ಹೊರಗಿನೋರಿಗೆ ಆಮೇಲೆ ನೋಡಣ. ತಗೊಂಡೋರು ಒಂದೆರಡು ದಿನದಲ್ಲಿ ವಾಪಸ್ ತಂದ್ಬಿಡ್ಬೇಕು. ನಾಝಲ್ ಹೋಗಿದೆಯಂತೆ, ಸರಿ ಮಾಡಿಸ್ತೀವಿ ಬಿಡಿ.' ನಾನು ನಡವಳಿ ಪುಸ್ತಕದಲ್ಲಿ ಬರೆದದ್ದು: 'ಪವರ್ ಸ್ಪ್ರೇಯರನ್ನು ಸದಸ್ಯರಿಗೆ ಹಾಗೂ ಇತರರಿಗೆ ನೀಡಲು, 2 ದಿನಗಳೊಳಗೆ ಹಿಂಪಡೆಯಲು ಮತ್ತು ಹಾಳಾದ ನಾಝಲ್ ದುರಸ್ತಿ ಮಾಡಿಸಲು ಸರ್ವಾನುಮತದಿಂದ ನಿರ್ಣಯಿಸಲಾಯಿತು.' ಈಗ ಇಬ್ಬರು 'ನಾವು ಹೀಗೆ ಹೇಳೇ ಇಲ್ಲ' ಅಂತಿದ್ದಾರೆ. ಎಲ್ಲಿ ಎಡವಿದೆ?"

ಆ ಇಬ್ಬರು ಹೇಳುತ್ತಿರುವುದು ಸರಿ ಇದೆ. ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ, ಆದರೆ ಸಭೆ ಹೇಳದ್ದು ಕೆಲವು ಸೇರಿಕೊಂಡಿವೆ, ಹೇಳಿದ್ದು ಕೆಲವು ಬಿಟ್ಟುಹೋಗಿವೆ.

ನಿಮ್ಮ ಪ್ರಶ್ನೆಗೆ ಈಗಾಗಲೇ ಕೆಲವರು ಉತ್ತರ ಬರೆದಿದ್ದಾರೆ. ಅವರಲ್ಲಿ ಒಬ್ಬರು 'ಮಾಡಣ'ಕ್ಕೆ 'ಮಾಡೋಣ', 'ಕೊಡ್ತೀವಿ'ಗೆ 'ಕೊಡುತ್ತೇವೆ' ಅಂತ ದೊಡ್ಡ ಪಟ್ಟಿ ಹಾಕಿದ್ದಾರೆ. ಬರವಣಿಗೆ ತಿದ್ದಿಕೊಳ್ಳೋದಕ್ಕೆ ಅದು ಒಳ್ಳೆಯದೇ, ಆದರೆ ನಿಮ್ಮ ತೊಂದರೆ ಅದಲ್ಲ ಅಲ್ವಾ? ಪದ ಶುದ್ಧವಾದರೂ ತೀರ್ಮಾನ ಬದಲಾಗಬಹುದು. ನಿಮ್ಮಲ್ಲಿ ಆಗಿರುವುದೂ ಅದೇ.

ಮೊದಲು 'ನೋಡಣ' ಎಂಬ ಮಾತು. 'ಕೊಡಣ' ಅಂದಾಗ ಸಭೆ ಒಪ್ಪಿಕೊಂಡಿತು. 'ನೋಡಣ' ಅಂದಾಗ ಒಪ್ಪಿಕೊಳ್ಳಲಿಲ್ಲ, ಇವತ್ತಿಗೆ ಬೇಡ ಎಂದಷ್ಟೇ ಹೇಳಿತು. ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಮುಖಕ್ಕೆ ಹೊಡೆದ ಹಾಗೆ 'ಇಲ್ಲ' ಅನ್ನಲಾರದೆ 'ನೋಡಣ' ಅನ್ನುತ್ತಾರೆ. ನೀವು ಎರಡನ್ನೂ ಒಂದೇ 'ನೀಡಲು' ಎಂಬ ಪದದೊಳಗೆ ಸೇರಿಸಿದಿರಿ. ಹೊರಗಿನವರಿಗೆ ಯಂತ್ರ ಕೊಡುವ ನಿರ್ಣಯ ಪುಸ್ತಕದಲ್ಲಿ ಹುಟ್ಟಿಕೊಂಡದ್ದು ಅಲ್ಲೇ. 'ಪರಿಶೀಲಿಸಲು ತೀರ್ಮಾನಿಸಲಾಯಿತು' ಅಂತ ಬರೆದರೂ ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಪರಿಶೀಲಿಸುವ ಕೆಲಸವನ್ನು ಸಭೆ ಯಾರಿಗೂ ಒಪ್ಪಿಸಿಲ್ಲ. 'ಪ್ರಸ್ತಾಪವಾಯಿತು, ತೀರ್ಮಾನ ಆಗಿರುವುದಿಲ್ಲ' ಅಂದರೆ ಸಾಕು.

ಎರಡನೆಯದು ಸಣ್ಣದಾಗಿ ಕಾಣುತ್ತದೆ, ಜಗಳ ಮಾತ್ರ ಅದರಿಂದಲೇ ಬರೋದು. 'ಮೊದ್ಲು ಸದಸ್ಯರಿಗೇ' ಎಂಬ ಮಾತಿನಲ್ಲಿ 'ಮೊದ್ಲು' ಹೋಯಿತು, 'ಗೇ' ಹೋಗಿ 'ಗೆ' ಆಯಿತು. ಗ್ರಂಥಭಾಷೆಗೆ ತರುವಾಗ ಈ ದೀರ್ಘ 'ಏ' ಸುಮ್ನೆ ಒತ್ತಿ ಹೇಳಿದ್ದು ಅನ್ನಿಸಿ ಕೈಬಿಡುತ್ತೇವೆ. ಆದರೆ ಇಲ್ಲಿ ಸದಸ್ಯರ ಹಕ್ಕು ಇರುವುದೇ ಅದರಲ್ಲಿ. ನೀವು ಬರೆದ ಪ್ರಕಾರ ಹೊರಗಿನವರು ಮೊದಲು ಬಂದು ಕೇಳಿದರೆ ಅವರಿಗೂ ಕೊಡಬೇಕಾಗುತ್ತದೆ. ಹಾಗೆಯೇ 'ಊ', 'ಮಾತ್ರ', 'ಸಾಕು', 'ಆದ್ರೆ' ಇಂಥವು ಬಂದ ಕಡೆ ಪೆನ್ನು ನಿಲ್ಲಿಸಿ ಇನ್ನೊಮ್ಮೆ ನೋಡಿ.

ಇನ್ನು 'ಒಂದೆರಡು ದಿನ' 2 ದಿನ ಆಗಿಬಿಟ್ಟಿದೆ. ಆಡುಮಾತಿನ ಒಂದೆರಡು, ನಾಲ್ಕೈದು, 'ಒಂದು ಹತ್ತು ದಿನ' ಇವೆಲ್ಲ ಅಂದಾಜಿನ ಮಾತು. ಅಂಕಿಯಲ್ಲಿ ಬರೆದ ಕೂಡಲೇ ಅದು ಗಡುವು ಆಗುತ್ತದೆ. ಮೂರನೇ ದಿನ ತಂದವನನ್ನು 'ನಿರ್ಣಯ ಮೀರಿದ್ದೀಯಾ' ಅಂತ ಕೇಳುವ ಅಧಿಕಾರ ಸಭೆ ಕೊಟ್ಟಿರಲಿಲ್ಲ, ನಿಮ್ಮ ಪೆನ್ನು ಕೊಟ್ಟಿತು. ಸಭೆಯಲ್ಲೇ 'ಎರಡು ಅಂತ ಬರ್ಕೊಳ್ಳಲಾ? ತಗೊಂಡ ದಿನಾನೂ ಸೇರಿಸಿಯಾ?' ಅಂತ ಕೇಳಿದ್ದರೆ ಅವರೇ ಹೇಳುತ್ತಿದ್ದರು. ಕೇಳದೆ ಸಭೆ ಮುಗಿದಿದೆ, ಹಾಗಾಗಿ 'ಒಂದೆರಡು ದಿನಗಳಲ್ಲಿ' ಅಂತಲೇ ಇರಲಿ. ಪುಸ್ತಕದಲ್ಲಿ ಅಂದಾಜು ಮಾತು ಬರೆಯಬಾರದು ಎಂಬ ನಿಯಮ ಏನೂ ಇಲ್ಲ. ಆದರೆ 'ನಾಡಿದ್ದು', 'ಬರೋ ಭಾನುವಾರ' ಬೇರೆ ಜಾತಿ. ಅವು ಅಂದಾಜಲ್ಲ. ಸಭೆಯ ತಾರೀಖಿನಿಂದ ಎಣಿಸಿ ದಿನಾಂಕವನ್ನೇ ಬರೆಯಬೇಕು. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಯಾವ ಭಾನುವಾರ ಅಂತ ಗೊತ್ತಾಗುವುದಿಲ್ಲ.

ನಾಝಲ್ ವಿಷಯದಲ್ಲಿ ಎರಡು ಗಂಟು ಇವೆ. 'ಹೋಗಿದೆಯಂತೆ' ಅಂದರೆ ಹೇಳಿದವರು ಕಣ್ಣಾರೆ ನೋಡಿಲ್ಲ. ನಿಮ್ಮ 'ಹಾಳಾದ ನಾಝಲ್' ಅದನ್ನು ಸಾಬೀತಾದ ಸಂಗತಿ ಮಾಡಿಬಿಟ್ಟಿತು. ನಾಳೆ ಕೊನೆಯ ಸಲ ಯಂತ್ರ ಬಳಸಿದವರ ಮೇಲೆ ದಂಡದ ಮಾತು ಬಂದರೆ ಈ ಪದವನ್ನೇ ಹಿಡಿದುಕೊಳ್ಳುತ್ತಾರೆ. ಎರಡನೇ ಗಂಟು 'ಮಾಡಿಸ್ತೀವಿ'. ಯಾರು? ಮಾತಾಡಿದವರ ಮನೆಯವರಾ, ಗುಂಪಾ? ಅಲ್ಲಿ ಕೂತಿದ್ದವರಿಗೆ ಮುಖ ನೋಡಿ ಗೊತ್ತಾಗಿರುತ್ತದೆ. ಪುಸ್ತಕದಲ್ಲಿ ಮುಖ ಇಲ್ಲ. ಅದರ ಮೇಲೆ 'ದುರಸ್ತಿ ಮಾಡಿಸಲು ನಿರ್ಣಯಿಸಲಾಯಿತು' ಅಂದಾಗ ಕೆಲಸಕ್ಕೆ ಯಾರೂ ಹೊಣೆ ಇಲ್ಲದ ಹಾಗಾಯಿತು, ಖರ್ಚು ಗುಂಪಿನದು ಎಂಬ ಅರ್ಥವೂ ಬಂತು. 'ಲಾಯಿತು' ಬರೆಯಬೇಡಿ ಅಂತ ನಾನು ಹೇಳುತ್ತಿಲ್ಲ, ನಡವಳಿಯ ರೂಢಿಯೇ ಅದು. ಅದನ್ನು ಬರೆದಾಗಲೆಲ್ಲ 'ಯಾರು' ಎಂಬುದನ್ನು ಬೇರೆಯಾಗಿ ಹೆಸರು ಹಾಕಿ ಬರೆಯಿರಿ.

ಕೊನೆಯದು 'ಸರ್ವಾನುಮತ'. ಯಾರೂ ಎದುರು ಮಾತಾಡಲಿಲ್ಲ ಅನ್ನುವುದಕ್ಕೂ ಎಲ್ಲರೂ ಒಪ್ಪಿದರು ಅನ್ನುವುದಕ್ಕೂ ವ್ಯತ್ಯಾಸ ಇದೆ. ನೀವು 'ಎಲ್ಲರಿಗೂ ಒಪ್ಪಿಗೆನಾ' ಅಂತ ಕೇಳಿ, ಎಲ್ಲರೂ ಹೂಂ ಅಂದಿದ್ದರೆ ಮಾತ್ರ ಆ ಪದ ಬಳಸಿ.

ನಿಮ್ಮ ಮಾತನ್ನು ನಾನಾದರೆ ಹೀಗೆ ಬರೆಯುತ್ತೇನೆ:

"ವಿಷಯ: ಗುಂಪಿನ ಪವರ್ ಸ್ಪ್ರೇಯರ್ ಬಳಕೆ.
ನಿರ್ಣಯ: ಸ್ಪ್ರೇಯರನ್ನು ಮೊದಲು ಗುಂಪಿನ ಸದಸ್ಯರಿಗೇ ನೀಡುವುದೆಂದು, ಪಡೆದವರು ಒಂದೆರಡು ದಿನಗಳಲ್ಲಿ ಹಿಂತಿರುಗಿಸತಕ್ಕದ್ದೆಂದು ತೀರ್ಮಾನಿಸಲಾಯಿತು.
ಚರ್ಚೆ: ಹೊರಗಿನವರಿಗೆ ನೀಡುವ ವಿಷಯ ಪ್ರಸ್ತಾಪವಾಯಿತು, ತೀರ್ಮಾನ ಆಗಿರುವುದಿಲ್ಲ. ನಾಝಲ್ ಹಾಳಾಗಿರುವುದಾಗಿ ಕೇಳಿಬಂದಿದೆ ಎಂದು ಸಭೆಗೆ ತಿಳಿಸಲಾಯಿತು. ಅದನ್ನು ಸರಿ ಮಾಡಿಸುವುದಾಗಿ ಶ್ರೀ ______ ಅವರು ತಿಳಿಸಿದರು."

'ತಂದ್ಬಿಡ್ಬೇಕು' ಕಡ್ಡಾಯದ ಮಾತು, ಅದಕ್ಕೇ 'ತಕ್ಕದ್ದು' ಹಾಕಿದೆ. 'ತಂದ್ರೆ ಒಳ್ಳೇದು' ಅಂದಿದ್ದರೆ ಅದು ಬರುತ್ತಿರಲಿಲ್ಲ. ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ. ಸಭೆಗೆ ಬಾರದ ಒಬ್ಬರಿಗೆ ಇದನ್ನು ಓದಲು ಕೊಟ್ಟು, ಅವರಿಗೆ ಅರ್ಥವಾದದ್ದನ್ನು ಆಡುಮಾತಿನಲ್ಲಿ ಹೇಳಿಸಿ. ಸಭೆಯ ಮಾತೇ ತಿರುಗಿ ಬಂದರೆ ಸರಿ. ಹೊಸದೇನಾದರೂ ಬಂದರೆ ಆ ಜಾಗ ಬದಲಾಗಿದೆ ಎಂದು ಗೊತ್ತಾಗುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಈ ತಾಪತ್ರಯವೇ ಇಲ್ಲ ಅಂತ ಉತ್ತರಿಸಿದವರಲ್ಲಿ ಒಬ್ಬ ತಮ್ಮ ಬರೆದಿದ್ದಾನೆ. ಅರ್ಧ ನಿಜ. ಯಾರು ಏನಂದರು ಅಂತ ಸಿಗುತ್ತದೆ, ಆದರೆ ತಲೆ ಆಡಿಸಿ ಒಪ್ಪಿದ್ದು, ಕೈ ಎತ್ತಿದ್ದು ರೆಕಾರ್ಡಿನಲ್ಲಿ ಇರುವುದಿಲ್ಲ. ಅದಕ್ಕಿಂತ ಒಂದೊಂದು ವಿಷಯ ಮುಗಿದಾಗಲೂ 'ಹೀಗೆ ಬರ್ಕೊಳ್ಳಲಾ?' ಅಂತ ಅವರ ಭಾಷೆಯಲ್ಲೇ ಓದಿ ಹೇಳುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಉತ್ತರಿಸಿದವರಲ್ಲಿ ಹಿಂದೆ ಕಾರ್ಯದರ್ಶಿಯಾಗಿದ್ದ ಮೇಷ್ಟ್ರೊಬ್ಬರು ಸೂಚಕರು, ಅನುಮೋದಕರ ಹೆಸರು ಬರೆಯಬೇಕು ಅಂದದ್ದು ಪೂರ್ತಿ ಸರಿ. ಹೆಸರು ಬೀಳುತ್ತದೆ ಅಂದಾಗ 'ನೋಡಣ' ಅಂದವರು ತಮ್ಮ ಮಾತನ್ನು ತಾವೇ ಬಿಡಿಸಿ ಹೇಳುತ್ತಾರೆ. ವಿರೋಧಿಸಿದವರ ಹೆಸರನ್ನೂ ಬರೆಯಬೇಕು ಎಂಬ ಅವರ ಮಾತಿಗೆ ಮಾತ್ರ ನನ್ನ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ. ಸಣ್ಣ ಗುಂಪಿನಲ್ಲಿ ಅದರಿಂದ ಜನ ಬಾಯಿ ಬಿಡುವುದೇ ನಿಲ್ಲಬಹುದು. ಬರೆಯಿರಿ ಅಂತ ವಿರೋಧಿಸಿದವರೇ ಕೇಳಿಕೊಂಡರೆ ಬರೆಯಲೇಬೇಕು.

ಇಲ್ಲೇ ಒಬ್ಬ ಅಕ್ಕ ತಮ್ಮ ಸಂಘದ ಟಿಲ್ಲರ್ ಬಾಡಿಗೆ ಜಗಳದ ಬಗ್ಗೆಯೂ ಕೇಳಿದ್ದಾರೆ. ಅಲ್ಲಿ ತೀರ್ಮಾನವೇ ಆಗಿಲ್ಲ ಅಕ್ಕ, ಬರವಣಿಗೆ ತಿದ್ದಿದರೆ ಅದು ಬಗೆಹರಿಯುವುದಿಲ್ಲ. ಮತ್ತೆ ಸಭೆಗೇ ಇಡಿ.

ನಿಮ್ಮ ಪುಸ್ತಕದ ಆ ಪುಟವನ್ನು ಹರಿಯಬೇಡಿ, ವೈಟ್ನರ್ ಹಚ್ಚಬೇಡಿ. ಅಧ್ಯಕ್ಷರ ಸಹಿ ಇನ್ನೂ ಆಗಿಲ್ಲದಿದ್ದರೆ ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ನೀವು, ಅಧ್ಯಕ್ಷರು ಇಬ್ಬರೂ ಸಹಿ ಹಾಕಿ. ಸಹಿ ಆಗಿದ್ದರೆ ಮುಟ್ಟಬೇಡಿ. ಮುಂದಿನ ಸಭೆಯಲ್ಲಿ ಹಿಂದಿನ ನಡವಳಿ ಓದುವಾಗ ತಿದ್ದುಪಡಿಯನ್ನು ಮಂಡಿಸಿ, ಆ ದಿನದ ನಡವಳಿಯಲ್ಲಿ ಬರೆಯಿರಿ. ನಾಝಲ್ ಮುಂದೆ ಖಾಲಿ ಬಿಟ್ಟ ಹೆಸರನ್ನು ಆ ಮಾತು ಆಡಿದವರನ್ನೇ ಕೇಳಿ ತುಂಬಬಹುದು, ಅದು ಅವರ ಮಾತು. ದಿನ ಎಷ್ಟು ಎಂಬುದನ್ನು ಮಾತ್ರ ಫೋನಿನಲ್ಲಿ ಕೇಳಿ ತುಂಬುವ ಹಾಗಿಲ್ಲ, ಅದನ್ನು ಸಭೆಯೇ ಹೇಳಬೇಕು.